ನೊರೆ ನೋಡಿ ಗಾಳಿ ಬರೆದ ದಿನಗಳು

ಹಡಗಿನಿಂದ ಆರು ಗಂಟೆಗೊಮ್ಮೆ ಕಳಿಸುವ ಹವಾಮಾನ ವರದಿಯಲ್ಲಿ ದಿನಾಂಕ ಮತ್ತು ಗಂಟೆಯ ಬೆನ್ನಿಗೇ ಒಂಟಿ ಅಂಕಿಯೊಂದು ಬರುತ್ತದೆ. ಗಾಳಿಯ ವೇಗವನ್ನು ಯಂತ್ರದಿಂದ ಅಳೆದು, ಕಡಲಿನವರ ವೇಗದ ಅಳತೆಯಾದ ನಾಟ್‌ನಲ್ಲಿ ಬರೆದಿದ್ದರೆ ಅಲ್ಲಿ 4 ಹಾಕಬೇಕು. ಸಮುದ್ರ ನೋಡಿ ಅಂದಾಜು ಮಾಡಿದ್ದರೆ 3. ವರದಿ ಯಾವ ದೇಶದ ಹವಾಮಾನ ಕಚೇರಿಗೆ ಹೋದರೂ ಅಲ್ಲಿರುವವರಿಗೆ ಈ ಒಂದು ಅಂಕಿಯಿಂದಲೇ ಗೊತ್ತಾಗುತ್ತದೆ, ಈ ಗಾಳಿ ಯಂತ್ರ ಹೇಳಿದ್ದೋ ಮನುಷ್ಯ ಹೇಳಿದ್ದೋ ಅಂತ. ಕೆಡೆಟ್ ಆಗಿದ್ದ ಕಾಲದಲ್ಲಿ 3 ಬರೆಯುವಾಗಲೆಲ್ಲ ನನಗೆ ಏನೋ ಕೊರತೆ ಮಾಡಿದಂತೆ ಅನಿಸುತ್ತಿತ್ತು. ಅಂದಾಜು ಅಂದರೆ ಗೊತ್ತಿಲ್ಲದ್ದನ್ನು ಹೇಗೋ ತುಂಬುವುದು ಅಂತ ತಿಳಿದಿದ್ದೆ. ಆಮೇಲೆ ಎಷ್ಟೋ ವರ್ಷ ಎರಡೂ ಅಂಕಿಗಳನ್ನು ಬರೆದಿದ್ದೇನೆ. ಕಣ್ಣು ಯಾವಾಗ ಸರಿ ಹೇಳುತ್ತದೆ, ಯಾವಾಗ ಮೋಸಹೋಗುತ್ತದೆ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಕಡಲ ಕೆಲಸ ಬಿಟ್ಟ ಮೇಲೂ ನೀರು ಕಂಡಲ್ಲಿ ನಿಂತು ಗಾಳಿ ಎಷ್ಟಿರಬಹುದು ಅಂತ ಲೆಕ್ಕ ಹಾಕುತ್ತೇನೆ.

ಬ್ಯೂಫೋರ್ಟ್ ಮಾಪಕದ ಹೆಸರು ಬಹಳ ಜನ ಕೇಳಿರುತ್ತಾರೆ. ಗಾಳಿಯ ಬಲವನ್ನು ಸೊನ್ನೆಯಿಂದ ಹನ್ನೆರಡರವರೆಗೆ ಫೋರ್ಸ್ ಎಂಬ ಮೆಟ್ಟಿಲುಗಳಲ್ಲಿ ಹೇಳುವ ಆ ಪಟ್ಟಿಯನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅದರ ನಡುವಿನ ಭಾಗದಲ್ಲಿ, ಅಂದರೆ ನೀರಿನ ಮೇಲೆ ಬಿಳಿ ಕಾಣಿಸಿಕೊಳ್ಳುವ ಹೊತ್ತಿನಿಂದ ಆ ಬಿಳಿ ಗೆರೆಗೆರೆಯಾಗಿ ಎಳೆದುಕೊಂಡು ಹೋಗುವವರೆಗೆ, ನಿಜಕ್ಕೂ ಏನನ್ನು ನೋಡಬೇಕು ಅನ್ನುವುದಷ್ಟೇ ನನ್ನ ವಿಷಯ.

ಬೆನ್ನಿಗೆ ಬೀಸಿದ ಗಾಳಿ

ಜುಲೈ ತಿಂಗಳು, ಅರಬ್ಬೀ ಸಮುದ್ರ. ಸೊಕೊಟ್ರಾ ದ್ವೀಪ ದಾಟಿ ಒಂದು ದಿನವಾಗಿತ್ತು. ಹಡಗು ಈಶಾನ್ಯಕ್ಕೆ 14 ನಾಟ್ ವೇಗದಲ್ಲಿ ಹೋಗುತ್ತಿತ್ತು, ಮುಂಗಾರಿನ ನೈಋತ್ಯ ಗಾಳಿ ನೇರ ಬೆನ್ನಿಗೆ. ಮಾಸ್ಟ್ ಮೇಲಿದ್ದ ಗಾಳಿಮಾಪಕದ ಬಟ್ಟಲುಗಳು ಉಪ್ಪು ಹಿಡಿದು ತಿರುಗುವುದನ್ನೇ ನಿಲ್ಲಿಸಿದ್ದವು. ಆ ಸಮುದ್ರದಲ್ಲಿ ಮಾಸ್ಟ್ ಹತ್ತಿ ಸರಿಮಾಡುವ ಮಾತೇ ಇರಲಿಲ್ಲ. ಸಂಜೆ ನಾಲ್ಕರ ಹೊತ್ತಿಗೆ, ಅಂದರೆ ಗ್ರೀನ್‌ವಿಚ್ ಲೆಕ್ಕದಲ್ಲಿ 12 ಗಂಟೆಗೆ, ವರದಿ ಹೋಗಬೇಕು. ಚೀಫ್ ಆಫೀಸರ್ ಅವರ ನಾಲ್ಕರಿಂದ ಎಂಟರ ವಾಚ್ ಪಾಳಿ ಆಗಷ್ಟೇ ಶುರುವಾಗಿತ್ತು. ಗಾಳಿ ನೋಡಿ ಬಾ ಅಂತ ನನ್ನನ್ನು ಕಳಿಸಿದರು.

ಹಡಗು ನಡೆಸುವ ಕೋಣೆಯ ಹೊರಬದಿಯ ಬಯಲು ಜಾಗವಾದ ಬ್ರಿಜ್ ವಿಂಗ್‌ಗೆ ಹೋಗಿ ನಿಂತೆ. ಅಲ್ಲಿ ಅಂಥ ಗಾಳಿಯೇನೂ ಇರಲಿಲ್ಲ. ಬೆನ್ನಿಗೆ ಹಿತವಾಗಿ ಬೀಸುತ್ತಿತ್ತು, ಕೈಯಲ್ಲಿದ್ದ ಕಾಗದ ಪಟಪಟ ಅನ್ನುತ್ತಿತ್ತು ಅಷ್ಟೆ. ಚಿಮಣಿಯ ಹೊಗೆ ನಮ್ಮ ತಲೆಯ ಮೇಲಿಂದ ನಿಧಾನವಾಗಿ ಮುಂದಕ್ಕೆ ಸಾಗುತ್ತಿತ್ತು. ಹಡಗಿನ ಮುಂದಕ್ಕೆ ನೋಡಿದೆ. ದೊಡ್ಡ ಅಲೆಗಳು, ಆದರೆ ನುಣ್ಣನೆಯ ಬೆನ್ನಿನವು, ಅಲ್ಲಲ್ಲಿ ಬಿಳಿ. ಒಳಗೆ ಬಂದು 16 ಅಂತ ಬರೆದೆ. ಫೋರ್ಸ್ 4.

"ಎಷ್ಟು ಬರೆದೆ?"

"ಹದಿನಾರು, ಸರ್."

"ಏನು ನೋಡಿ ಬರೆದೆ?"

ಮೈಗೆ ತಾಗಿದ್ದನ್ನು ನೋಡಿ ಅಂತ ಹೇಳಿದೆ. ಅವರು ಚಾರ್ಟ್ ಟೇಬಲ್ ಬಿಟ್ಟು ಎದ್ದು ಬಂದರು. "ಮೈಗೆ ತಾಗೋದು ಹಡಗಿನ ಗಾಳಿ ಕಣಯ್ಯ, ಸಮುದ್ರದ ಗಾಳಿ ಅಲ್ಲ. ಬಾ, ನೀರು ನೋಡೋಣ. ಮುಂದಕ್ಕಲ್ಲ, ಹಿಂದಕ್ಕೆ ತಿರುಗು."

ತಿರುಗಿದೆ. ಹತ್ತು ನಿಮಿಷದ ಹಿಂದೆ ನಾನು ನಿಂತಿದ್ದ ಜಾಗವೇ, ಆದರೆ ಸಮುದ್ರ ಬೇರೆಯೇ ಇತ್ತು. ನಮ್ಮ ಕಡೆಗೆ ಬರುತ್ತಿದ್ದ ಪ್ರತಿ ಅಲೆಯ ಮುಖವೂ ಕಡಿದಾಗಿತ್ತು. ತಲೆ ಒಡೆದು ಮುಂದಕ್ಕೆ ಉರುಳುತ್ತಿತ್ತು. ಒಡೆದ ನೊರೆ ಬಿದ್ದಲ್ಲೇ ಉಳಿಯುತ್ತಿರಲಿಲ್ಲ. ಹಿಂಜಿದ ಹತ್ತಿಯ ಎಳೆಗಳಂತೆ ಉದ್ದಕ್ಕೆ ಎಳೆದುಕೊಂಡು, ನೀರಿನ ಮೇಲೆ ಮಾಸಲು ಬಿಳಿ ಗೆರೆಗಳಾಗಿ, ಎಲ್ಲವೂ ಒಂದೇ ದಿಕ್ಕಿಗೆ ಮಲಗಿದ್ದವು.

"ಗೆರೆ ಕಾಣ್ತಾ ಇದೆಯಾ? ಗೆರೆ ಬಿದ್ರೆ ಇಪ್ಪತ್ತೆಂಟಕ್ಕಿಂತ ಕಮ್ಮಿ ಬರೀಬೇಡ. ಈಗ ನಿನ್ನ ಹದಿನಾರಕ್ಕೆ ಹಡಗಿನ ವೇಗ ಸೇರಿಸು."

ಹದಿನಾರಕ್ಕೆ ಹದಿನಾಲ್ಕು ಸೇರಿಸಿದರೆ ಮೂವತ್ತು. ಗಾಳಿ ಹಿಂದಿನಿಂದ 30 ನಾಟ್ ವೇಗದಲ್ಲಿ ಬರುತ್ತಿದೆ, ನಾವು ಅದೇ ದಿಕ್ಕಿಗೆ 14ರಲ್ಲಿ ಓಡುತ್ತಿದ್ದೇವೆ, ಹಾಗಾಗಿ ಮೈಗೆ ತಾಗುವುದು 16 ಮಾತ್ರ. ಫೋರ್ಸ್ 7 ಅಂದರೆ 28ರಿಂದ 33 ನಾಟ್. ಲೆಕ್ಕ ಹಾಕಿದ ಗಾಳಿಯೂ ನೊರೆ ಹೇಳಿದ ಗಾಳಿಯೂ ಒಂದೇ ಮನೆಯಲ್ಲಿ ಬಂದು ಕೂತವು. ಹೀಗೆ ಎರಡು ದಾರಿಗಳು ಒಂದೇ ಕಡೆ ಸೇರಿದ್ದನ್ನು ನಾನು ನೋಡಿದ್ದು ಅದೇ ಮೊದಲು. 16 ಹೊಡೆದುಹಾಕಿ 30 ಬರೆದೆ.

ಅಂದು ಎರಡು ತಪ್ಪು ಒಟ್ಟಿಗೆ ಆಗಿದ್ದವು ಅನ್ನುವುದು ಆಮೇಲೆ ಯೋಚಿಸಿದಾಗ ಹೊಳೆಯಿತು. ಹಡಗಿನ ಓಟವನ್ನು ಮರೆತದ್ದು ಒಂದು. ಗಾಳಿ ಹೋಗುವ ಕಡೆಗೆ ಮುಖಮಾಡಿ ನೋಡಿದ್ದು ಇನ್ನೊಂದು. ಅಲೆ ಒಡೆಯುವುದು ಅದರ ಮುಂದಿನ ಮುಖದಲ್ಲಿ, ಅಂದರೆ ಗಾಳಿ ಹೋಗುತ್ತಿರುವ ಕಡೆಯ ಇಳಿಜಾರಿನಲ್ಲಿ. ಗಾಳಿಗೆ ಬೆನ್ನು ಮಾಡಿ ನಿಂತವನಿಗೆ ಬರೀ ಅಲೆಗಳ ಬೆನ್ನು ಕಾಣುತ್ತದೆ, ಬಿಳಿಯೆಲ್ಲ ಆಚೆ ಬದಿಯಲ್ಲಿ ಮರೆಯಾಗಿರುತ್ತದೆ. ಗಾಳಿಗೆ ಮುಖಕೊಟ್ಟು ನಿಂತವನಿಗೆ ಅದೇ ಸಮುದ್ರ ಒಂದು ಮೆಟ್ಟಿಲು ಜೋರಾಗಿ ಕಾಣುತ್ತದೆ. ಎರಡೂ ಕಡೆ ನೋಡಬೇಕು, ಆದರೆ ತೀರ್ಮಾನ ಗಾಳಿ ಬರುವ ಕಡೆ ನೋಡಿ ಮಾಡಬೇಕು.

ಬಿಳಿಯ ಲೆಕ್ಕ

ಗಾಳಿ ಇಲ್ಲದ ನೀರಿಗೆ ಮೊದಲ ಉಸಿರು ತಾಗಿದಾಗ ಏಳುವುದು ಒಂದೆರಡು ಸೆಂಟಿಮೀಟರ್ ಉದ್ದದ ಕಿರುತೆರೆಗಳು. ಗಾಳಿ ಬಂದ ಕ್ಷಣಕ್ಕೆ ಅವೂ ಬರುತ್ತವೆ, ನಿಂತ ಕ್ಷಣಕ್ಕೆ ಅಳಿಸಿಹೋಗುತ್ತವೆ. ನೀರಿನ ಮೇಲೆ ಕಪ್ಪು ಮಚ್ಚೆಯೊಂದು ಓಡಿಬರುವುದನ್ನು ಕಂಡು ಗಾಳಿಯ ಬೀಸೊಂದು ಬರುತ್ತಿದೆ ಅಂತ ಹಾಯಿ ದೋಣಿಯವರು ಹೇಳುವುದು ಇವುಗಳಿಂದಲೇ. ಗಾಳಿ ಬಲವಾದಂತೆ ತೆರೆಗಳು ಬೆಳೆಯುತ್ತವೆ, ಆದರೆ ತಲೆಗಳು ಗಾಜಿನ ಹಾಗೆ ನುಣ್ಣಗೆ ಇರುತ್ತವೆ, ಒಡೆಯುವುದಿಲ್ಲ. 7ರಿಂದ 10 ನಾಟ್ ಆಗುವ ಹೊತ್ತಿಗೆ ಅಲ್ಲೊಂದು ಇಲ್ಲೊಂದು ತಲೆ ಒಡೆದು ಕ್ಷಣಕಾಲ ಬೆಳ್ಳಗಾಗುತ್ತದೆ. ಇದನ್ನು ನಾನು ನೊರೆತಲೆ ಅಂತ ಕರೆದುಕೊಂಡಿದ್ದೇನೆ. ನೊರೆತಲೆ ಒಂದೂ ಇಲ್ಲವೆಂದರೆ ಫೋರ್ಸ್ 2, ಹುಡುಕಿದರೆ ಸಿಗುತ್ತವೆ ಅಂದರೆ 3. ಈ ಗಡಿಯಲ್ಲಿ ಕಣ್ಣು ತಪ್ಪುವುದು ಅಪರೂಪ.

ಕಷ್ಟ ಇರುವುದು 4, 5, 6ರ ನಡುವೆ. ಪಟ್ಟಿಯ ಮಾತಿನಲ್ಲಿ ಹೇಳುವುದಾದರೆ ನೊರೆತಲೆಗಳು 4ರಲ್ಲಿ 'ಸಾಕಷ್ಟು', 5ರಲ್ಲಿ 'ಬಹಳ', 6ರಲ್ಲಿ 'ಎಲ್ಲೆಡೆ'. ಸಾಕಷ್ಟು ಎಲ್ಲಿ ಮುಗಿದು ಬಹಳ ಎಲ್ಲಿ ಶುರುವಾಗುತ್ತದೆ? ಇಲ್ಲಿ ನನಗೆ ನೆರವಾದದ್ದು ವಿಜ್ಞಾನಿಗಳು ಮಾಡಿದ ಒಂದು ಲೆಕ್ಕ. ಸಮುದ್ರದ ಚಿತ್ರಗಳನ್ನು ತೆಗೆದು, ಅದರಲ್ಲಿ ಎಷ್ಟು ಪಾಲು ಬಿಳಿ ಇದೆ ಅಂತ ಅಳೆದು, 1980ರಲ್ಲಿ ಮೊನಹನ್ ಮತ್ತು ಓ'ಮರ್ಚರ್ಟಾಯ್ ಎಂಬ ಇಬ್ಬರು ಒಂದು ಸೂತ್ರ ಕೊಟ್ಟರು. ಅದರ ಪ್ರಕಾರ 10 ನಾಟ್ ಸುಮಾರಿನ ಗಾಳಿಗೆ ಸಮುದ್ರದ ಮೇಲ್ಮೈಯಲ್ಲಿ ಬಿಳಿ ಇರುವುದು ಸಾವಿರದಲ್ಲಿ ಒಂದು ಪಾಲು. 20 ನಾಟ್ ಹತ್ತಿರ ಬಂದಾಗ ನೂರರಲ್ಲಿ ಒಂದು ಪಾಲು. ಸುಮಾರು 40 ನಾಟ್‌ಗೆ ಹತ್ತರಲ್ಲಿ ಒಂದು ಪಾಲು. ಗಾಳಿ ಎರಡು ಪಟ್ಟಾದರೆ ಬಿಳಿ ಹತ್ತು ಪಟ್ಟಾಗುತ್ತದೆ.

ಈ ಲೆಕ್ಕದಿಂದ ನನಗೆ ಎರಡು ವಿಷಯ ಅರ್ಥವಾದವು. ಬಿಳಿ ಇಷ್ಟು ವೇಗವಾಗಿ ಹೆಚ್ಚುವುದರಿಂದಲೇ ಕಣ್ಣು ಗಾಳಿಯನ್ನು ಅಳೆಯಬಲ್ಲದು. ಬಿಳಿಯನ್ನು ಎಣಿಸುವಾಗ ಎರಡು ಪಟ್ಟು ತಪ್ಪು ಮಾಡಿದರೂ ಗಾಳಿಯ ಲೆಕ್ಕದಲ್ಲಿ ಅದು ಐದನೇ ಒಂದು ಪಾಲಿನಷ್ಟೇ ತಪ್ಪಾಗುತ್ತದೆ. ಎರಡನೆಯದು, ನಾವೆಲ್ಲ ಬಿಳಿಯನ್ನು ವಿಪರೀತ ಹೆಚ್ಚಾಗಿ ಕಾಣುತ್ತೇವೆ. ಫೋರ್ಸ್ 5ರ ಸಮುದ್ರ ತೋರಿಸಿ ಇದರಲ್ಲಿ ಬಿಳಿ ಎಷ್ಟು ಅಂತ ಯಾರನ್ನೇ ಕೇಳಿ, ನೂರಕ್ಕೆ ಹತ್ತು, ಇಪ್ಪತ್ತು ಅನ್ನುತ್ತಾರೆ. ಇರುವುದು ಒಂದು. ಬಿಳಿ ಹೊಳೆಯುವುದರಿಂದ ಕಣ್ಣು ಅದರ ಮೇಲೇ ನಿಲ್ಲುತ್ತದೆ ಅನ್ನುವುದು ಒಂದು ಕಾರಣ. ದಿಗಂತದ ಕಡೆ ನೋಡುವುದು ಅದಕ್ಕಿಂತ ದೊಡ್ಡ ಕಾರಣ. ದೂರದ ನೀರನ್ನು ನಾವು ನೋಡುವುದು ಬಹಳ ಓರೆಯಾಗಿ. ಅಲೆಗಳ ತಗ್ಗು ಮುಚ್ಚಿಹೋಗಿ ತಲೆಗಳಷ್ಟೇ ಸಾಲಾಗಿ ಕಾಣುತ್ತವೆ, ಬಿಳಿಯೆಲ್ಲ ಒಂದರ ಮೇಲೊಂದು ಒತ್ತಿದಂತಾಗುತ್ತದೆ.

ಹಾಗಾಗಿ ನಾನು ರೂಢಿಸಿಕೊಂಡ ಕ್ರಮ ಹೀಗಿತ್ತು. ಹಡಗು ಸೀಳಿದ ನೀರಿನ ನೊರೆ ತಾಗದಷ್ಟು ದೂರದಲ್ಲಿ, ಆದರೆ ದಿಗಂತಕ್ಕಿಂತ ಬಹಳ ಇತ್ತ, ಗಾಳಿ ಬರುವ ಬದಿಯಲ್ಲಿ ಒಂದು ತುಂಡು ನೀರನ್ನು ಆರಿಸಿಕೊಳ್ಳುವುದು. ಒಂದು ನಿಮಿಷ ಅದನ್ನೇ ನೋಡುವುದು. ಬಿಳಿ ಬರುವುದು, ಹೋಗುವುದು, ಮತ್ತೆ ಬರುವುದು. ಎರಡು ನೊರೆತಲೆಗಳ ನಡುವೆ ಕಾಯಬೇಕಾಗುತ್ತದೆಯೇ? ಹಾಗಿದ್ದರೆ 4. ಕಾಯುವುದೇ ಬೇಡ, ಆ ತುಂಡಿನಲ್ಲಿ ಯಾವಾಗಲೂ ಒಂದೆರಡು ಒಡೆಯುತ್ತಲೇ ಇರುತ್ತವೆ ಅಂದರೆ 5. ಒಂದರ ನೊರೆ ಆರುವ ಮೊದಲೇ ಪಕ್ಕದಲ್ಲಿ ಇನ್ನೊಂದು ಒಡೆದು, ಹಳೆ ನೊರೆಯ ಮಬ್ಬು ಮಚ್ಚೆಗಳ ನಡುವೆ ಹೊಸ ಬಿಳಿ ಹೊಳೆಯುತ್ತಿದ್ದರೆ 6. ಇದು ಯಾವ ಪುಸ್ತಕದಲ್ಲೂ ಇರುವ ಅಳತೆಯಲ್ಲ, ನನ್ನ ಕಣ್ಣಿಗೆ ಹೊಂದಿಸಿಕೊಂಡದ್ದು. ಬ್ರಿಜ್‌ನ ಎತ್ತರ ಬದಲಾದಾಗಲೆಲ್ಲ ಇದನ್ನೂ ಮತ್ತೆ ಹೊಂದಿಸಿಕೊಳ್ಳಬೇಕಾಯಿತು. ಎತ್ತರ ಹೆಚ್ಚಿದಷ್ಟೂ ಸಮುದ್ರ ಸಪಾಟಾಗಿ, ಸೌಮ್ಯವಾಗಿ ಕಾಣುತ್ತದೆ. ಚಿಕ್ಕ ಹಡಗಿನಿಂದ ದೊಡ್ಡದಕ್ಕೆ ಹೋದ ಮೊದಲ ವಾರಗಳಲ್ಲಿ ನಾನು ಬರೆದದ್ದೆಲ್ಲ ಒಂದು ಮೆಟ್ಟಿಲು ಕಡಿಮೆ.

6ರಿಂದ 7ಕ್ಕೆ ದಾಟುವಾಗ ಎಣಿಕೆ ಬೇಕಾಗುವುದಿಲ್ಲ, ಬಿಳಿಯ ಸ್ವಭಾವವೇ ಬದಲಾಗುತ್ತದೆ. ಅಲ್ಲಿಯವರೆಗೆ ನೊರೆ ಒಡೆದ ಜಾಗದಲ್ಲಿ ಮಚ್ಚೆಯಾಗಿ ಉಳಿದು ಆರುತ್ತಿತ್ತು. ಈಗ ಆರುವ ಮೊದಲೇ ಗಾಳಿ ಅದನ್ನು ಎಳೆಯುತ್ತದೆ, ಮಚ್ಚೆ ಗೆರೆಯಾಗುತ್ತದೆ. 7ರಲ್ಲಿ ಗೆರೆಗಳು ಬೀಳತೊಡಗುತ್ತವೆ, ಹುಡುಕಿದರೆ ಕಾಣುತ್ತವೆ. 8ರಲ್ಲಿ ಹುಡುಕಬೇಕಾಗಿಲ್ಲ, ಸ್ಪಷ್ಟವಾಗಿ ಉದ್ದುದ್ದ ಬಿದ್ದಿರುತ್ತವೆ. ಜೊತೆಗೆ ಅಲೆಯ ತಲೆಯ ಅಂಚು ಹರಿದು ತುಂತುರಾಗಿ ಗಾಳಿಯಲ್ಲಿ ಹಾರತೊಡಗುತ್ತದೆ. ಗೆರೆಗಳಿಂದ ಇನ್ನೊಂದು ಉಪಕಾರವೂ ಇದೆ. ಅವು ಗಾಳಿಯ ದಿಕ್ಕಿಗೆ ನೇರ ಮಲಗಿರುತ್ತವೆ. ಕಂಪಾಸ್ ಇಟ್ಟು ಗೆರೆಯ ಉದ್ದಕ್ಕೆ ನೋಡಿದರೆ ಗಾಳಿಯ ದಿಕ್ಕನ್ನು ಅಲೆಗಳ ಸಾಲು ನೋಡಿ ಹೇಳುವುದಕ್ಕಿಂತ ನಿಖರವಾಗಿ ಹೇಳಬಹುದು.

ಗೆರೆ ಅಂದ ಕೂಡಲೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. 10 ನಾಟ್ ಆಸುಪಾಸಿನ ಸಾಧಾರಣ ಗಾಳಿಯಲ್ಲೂ ನೀರಿನ ಮೇಲೆ ಉದ್ದುದ್ದ ಸಾಲುಗಳು ಬೀಳುವುದುಂಟು. ಅವು ತೇಲುವ ಕಸ, ಪಾಚಿ, ಹಳೆಯ ನೊರೆಯ ಗುಳ್ಳೆಗಳ ಸಾಲುಗಳು. ವಿಜ್ಞಾನಿ ಇರ್ವಿಂಗ್ ಲ್ಯಾಂಗ್ಮ್ಯೂರ್ 1927ರಲ್ಲಿ ಅಟ್ಲಾಂಟಿಕ್ ದಾಟುವಾಗ ಸಾರ್ಗ್ಯಾಸೋ ಸಮುದ್ರದ ಪಾಚಿ ಹೀಗೆ ಸಾಲುಗಟ್ಟಿದ್ದನ್ನು ಕಂಡರು. ನೀರಿನ ಮೇಲ್ಪದರದಲ್ಲಿ ಗಾಳಿಯ ದಿಕ್ಕಿಗೆ ಉದ್ದಕ್ಕೆ ಮಲಗಿದ ಸುರುಳಿಗಳು ತಿರುಗುತ್ತಿರುತ್ತವೆ, ಅವು ಒಂದನ್ನೊಂದು ಕೂಡುವ ಕಡೆ ತೇಲುವುದೆಲ್ಲ ಒಟ್ಟಾಗುತ್ತದೆ ಅಂತ ಆಮೇಲೆ ವಿವರಿಸಿದರು. ಈ ಸಾಲುಗಳನ್ನು ಫೋರ್ಸ್ 7ರ ಗೆರೆ ಅಂತ ತಿಳಿದರೆ 20 ನಾಟ್‌ನಷ್ಟು ತಪ್ಪಾಗುತ್ತದೆ. ವ್ಯತ್ಯಾಸ ಹಿಡಿಯುವುದು ಸುಲಭ. ಗೆರೆಗೆ ನೊರೆ ಒದಗಿಸುವ ಒಡೆಯುವ ಅಲೆಗಳು ಸುತ್ತ ಇವೆಯೇ ನೋಡಿದರಾಯಿತು. ಅಲೆ ಒಡೆಯದೆ ಗೆರೆ ಮಾತ್ರ ಇದ್ದರೆ ಅದು ಕಸದ ಸಾಲು.

ಅಲೆ ಹೇಳುವುದು ಹಳೆಯ ಗಾಳಿ

ಹೊಸಬರು ಮೊದಲು ನೋಡುವುದು ಅಲೆಯ ಎತ್ತರವನ್ನು. ಎದ್ದುಕಾಣುವುದು ಅದೇ. ಪಟ್ಟಿಯಲ್ಲೂ ಎತ್ತರ ಕೊಟ್ಟಿರುತ್ತಾರೆ. ಫೋರ್ಸ್ 5ಕ್ಕೆ ಸುಮಾರು 2 ಮೀಟರ್, 7ಕ್ಕೆ 4 ಮೀಟರ್. ಆದರೆ ಆ ಎತ್ತರಗಳು ದಡದಿಂದ ದೂರ, ಗಾಳಿ ಬಹಳ ಹೊತ್ತಿನಿಂದ ಒಂದೇ ಸಮನೆ ಬೀಸಿ ಅಲೆ ತನ್ನ ಪೂರ್ಣ ಬೆಳವಣಿಗೆ ಮುಟ್ಟಿದಾಗಿನವು. 20 ನಾಟ್ ಗಾಳಿಗೆ ತನ್ನ ಅಲೆಯನ್ನು ಪೂರ್ತಿ ಬೆಳೆಸಲು ಹತ್ತು ಗಂಟೆ ಬೇಕು, ಎದುರಿಗೆ 75 ನಾಟಿಕಲ್ ಮೈಲು ತೆರೆದ ನೀರೂ ಬೇಕು. 30 ನಾಟ್ ಗಾಳಿಗೆ ಹೆಚ್ಚುಕಡಿಮೆ ಒಂದು ಇಡೀ ದಿನ ಮತ್ತು 280 ಮೈಲು. ಅಂದರೆ ಈಗ ಕಣ್ಣ ಮುಂದಿರುವ ಅಲೆಯ ಎತ್ತರ ಈಗಿನ ಗಾಳಿಯದ್ದಲ್ಲ. ಬೆಳಗಿನಿಂದ, ಕೆಲವೊಮ್ಮೆ ನಿನ್ನೆಯಿಂದ ಬೀಸಿದ್ದೆಲ್ಲದರ ಮೊತ್ತ. ಸಾವಿರ ಮೈಲು ಆಚೆಯ ಬಿರುಗಾಳಿಯಿಂದ ಬಂದ, ಸ್ವೆಲ್ ಎಂದು ಕರೆಯುವ ಅಲೆ ಅದರ ಅಡಿಯಲ್ಲಿದ್ದರೆ ಅದಕ್ಕೂ ಇಲ್ಲಿನ ಗಾಳಿಗೂ ಸಂಬಂಧವೇ ಇಲ್ಲ.

ನೊರೆ ಹಾಗಲ್ಲ. ಗಾಳಿ ಜೋರಾದ ಕೆಲವೇ ನಿಮಿಷಗಳಲ್ಲಿ ನೊರೆತಲೆಗಳು ಹೆಚ್ಚುತ್ತವೆ, ಗಾಳಿ ಇಳಿದ ಕೆಲವೇ ನಿಮಿಷಗಳಲ್ಲಿ ಕಡಿಮೆಯಾಗುತ್ತವೆ. ಗಾಳಿ ಬಿದ್ದ ಮಾರನೆಯ ಬೆಳಿಗ್ಗೆ 4 ಮೀಟರ್ ಅಲೆಗಳು ಎಣ್ಣೆ ಸವರಿದಂತೆ ನುಣ್ಣಗೆ ಏರಿಳಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಡಗು ತೊಟ್ಟಿಲಂತೆ ಆಡುತ್ತಿರುತ್ತದೆ, ಬಿಳಿ ಮಾತ್ರ ಒಂದೂ ಇಲ್ಲ. ಎತ್ತರ ನೋಡಿದವನು 30 ಬರೆಯುತ್ತಾನೆ, ನೊರೆ ನೋಡಿದವನು 6 ಬರೆಯುತ್ತಾನೆ, ಎರಡನೆಯವನೇ ಸರಿ. ಇದರ ಉಲ್ಟಾ ಕೂಡ ಇದೆ. ದಡದಿಂದ ಹೊರಕ್ಕೆ ಬೀಸುವ ಗಾಳಿಯಲ್ಲಿ ದಡದ ಹತ್ತಿರವೇ ಇದ್ದರೆ ಅಲೆ ಮೊಣಕಾಲೆತ್ತರವೂ ಇರುವುದಿಲ್ಲ, ಆದರೆ ಆ ಚಿಕ್ಕ ಅಲೆಗಳ ತಲೆಗಳೆಲ್ಲ ಬೆಳ್ಳಗೆ ಒಡೆಯುತ್ತಿರುತ್ತವೆ.

ಆದ್ದರಿಂದ ಕ್ರಮ ನೊರೆ ಮೊದಲು, ಎತ್ತರ ಕೊನೆಗೆ. ಎತ್ತರ ಕೆಲಸಕ್ಕೆ ಬಾರದು ಅಂತಲ್ಲ. ನೊರೆ ಹೇಳಿದ ಗಾಳಿಗೆ ಎತ್ತರ ಕಡಿಮೆಯಿದ್ದರೆ ಗಾಳಿ ಈಗಷ್ಟೇ ಎದ್ದಿದೆ ಅಂತ ಅರ್ಥ, ಸಮುದ್ರ ಇನ್ನೂ ಏರುವುದಿದೆ. ಹೆಚ್ಚಿದ್ದರೆ ಗಾಳಿ ಇಳಿದಿದೆ, ಅಥವಾ ಬೇರೆ ಕಡೆಯ ಅಲೆ ಬಂದಿದೆ.

ಮಾಪಕಕ್ಕೆ ತನ್ನ ಹೆಸರು ಕೊಟ್ಟ ಫ್ರಾನ್ಸಿಸ್ ಬ್ಯೂಫೋರ್ಟ್ 1806ರಲ್ಲಿ ಅದನ್ನು ಬರೆದುಕೊಂಡಾಗ ಅದರಲ್ಲಿ ಅಲೆಯೂ ಇರಲಿಲ್ಲ, ನೊರೆಯೂ ಇರಲಿಲ್ಲ. ಈ ಗಾಳಿಗೆ ಯುದ್ಧನೌಕೆ ಎಷ್ಟು ಹಾಯಿ ತಡೆದುಕೊಳ್ಳಬಲ್ಲದು ಎಂಬುದು ಆಮೇಲೆ ಅವರ ಅಳತೆಗೋಲಾಯಿತು. ಹಾಯಿ ಹೋಗಿ ಉಗಿ ಬಂದ ಮೇಲೆ ಆ ಅಳತೆಗೋಲು ಕೈಬಿಟ್ಟಿತು. ಆಗ ಜರ್ಮನಿಯ ಕ್ಯಾಪ್ಟನ್ ಪೀಟರ್‌ಸನ್ 1927ರಲ್ಲಿ ಒಂದೊಂದು ಫೋರ್ಸಿಗೂ ಸಮುದ್ರದ ಮುಖ ಹೇಗಿರುತ್ತದೆ ಅಂತ ಬರೆದಿಟ್ಟರು. ನಾವು ಇಂದು ಬಳಸುವ ನೊರೆಯ ವಿವರಣೆಗಳ ಬೇರು ಅಲ್ಲಿದೆ. ಹಡಗಿನ ಮೈ ನೋಡಿ ಹೇಳುತ್ತಿದ್ದದ್ದನ್ನು ನೀರಿನ ಮೈ ನೋಡಿ ಹೇಳುವಂತೆ ಬದಲಿಸಿದ್ದು ದೊಡ್ಡ ಹೆಜ್ಜೆ ಅಂತ ನನಗೆ ಅನಿಸುತ್ತದೆ. ಹಡಗುಗಳು ಬೇರೆ ಬೇರೆ, ನೀರು ಎಲ್ಲರಿಗೂ ಒಂದೇ.

ನೀರೇ ಓಡುತ್ತಿದ್ದಾಗ

ಆದರೆ ನೀರು ನಿಂತಿದೆ ಎಂಬ ನಂಬಿಕೆ ಮೇಲೆ ಇದೆಲ್ಲ ನಿಂತಿದೆ. ಅದು ಗೊತ್ತಾದದ್ದು ಆಫ್ರಿಕಾದ ಆಗ್ನೇಯ ಕರಾವಳಿಯಲ್ಲಿ. ಆಗ ನಾನು ಸೆಕೆಂಡ್ ಆಫೀಸರ್. ಡರ್ಬನ್ ದಾಟಿ ಈಸ್ಟ್ ಲಂಡನ್ ಕಡೆಗೆ ನೈಋತ್ಯ ದಿಕ್ಕಿನಲ್ಲಿ ಹೋಗುತ್ತಿದ್ದೆವು. ಅಲ್ಲಿ ಅಗುಲ್ಹಾಸ್ ಪ್ರವಾಹ ನೈಋತ್ಯಕ್ಕೇ ಹರಿಯುತ್ತದೆ, ಆ ಕಡೆ ಹೋಗುವ ಹಡಗುಗಳಿಗೆ ಅದು ಪುಕ್ಕಟೆ ವೇಗ. ಬೆಳಿಗ್ಗೆ ಗಾಳಿ ತಿರುಗಿತು, ನೈಋತ್ಯದಿಂದ ಎದುರಿಗೆ ಬೀಸತೊಡಗಿತು. ಮಧ್ಯಾಹ್ನ ಎರಡರ ವರದಿಯ ಹೊತ್ತಿಗೆ ಎದುರಿನ ಸಮುದ್ರ ನೋಡಿ ನಾನು ಮನಸ್ಸಿನಲ್ಲಿ ಬರೆದುಕೊಂಡದ್ದು ಫೋರ್ಸ್ 8. ಅಲೆಗಳು ಗೋಡೆಯಂತೆ ಎದ್ದು, ಒಂದರ ಹಿಂದೊಂದು ಒತ್ತಾಗಿ ಬಂದು, ತಲೆ ಕುಸಿದು ಬೀಳುತ್ತಿದ್ದವು. ಗಾಳಿಮಾಪಕ ತೋರಿಸುತ್ತಿದ್ದದ್ದು ಎದುರಿನಿಂದ 40. ಜಿಪಿಎಸ್ ಪ್ರಕಾರ ನೆಲದ ಲೆಕ್ಕದಲ್ಲಿ ನಮ್ಮ ವೇಗ 16. ಕಳೆದರೆ ನಿಜವಾದ ಗಾಳಿ 24 ನಾಟ್, ಫೋರ್ಸ್ 6. ನನ್ನ ಕಣ್ಣಿಗೂ ಯಂತ್ರಕ್ಕೂ ಎರಡು ಮೆಟ್ಟಿಲ ಅಂತರ. ಮಾಪಕ ಕೆಟ್ಟಿದೆ ಅಂತಲೇ ನಂಬಿದೆ.

ಆಮೇಲೆ ವೇಗಗಳ ಕಡೆ ಕಣ್ಣು ಹೋಯಿತು. ನೀರಿನ ಲೆಕ್ಕದಲ್ಲಿ ವೇಗ ತೋರಿಸುವ ಲಾಗ್ ಹೇಳುತ್ತಿದ್ದದ್ದು 12. ಅಂದರೆ ನೀರೇ 4 ನಾಟ್ ವೇಗದಲ್ಲಿ ಗಾಳಿಗೆ ಎದುರಾಗಿ ಓಡುತ್ತಿದೆ. ನೆಲದ ಮೇಲೆ ನಿಂತವನಿಗೆ ಗಾಳಿ 24, ಆದರೆ ಈ ನೀರಿಗೆ ತಾಗುವ ಗಾಳಿ 28. ಅಲೆ ಎಬ್ಬಿಸುವುದು ನೀರಿಗೆ ತಾಗುವ ಗಾಳಿಯೇ. ಅಷ್ಟಕ್ಕೇ ಒಂದು ಮೆಟ್ಟಿಲು ಹೋಯಿತು. ಉಳಿದದ್ದು ಪ್ರವಾಹದ ಕೆಲಸ. ಎದುರಿನ ಹರಿವಿಗೆ ಸಿಕ್ಕ ಅಲೆ ಮುಂದೆ ಹೋಗಲಾರದೆ ಕುಗ್ಗುತ್ತದೆ, ಉದ್ದ ಕಡಿಮೆಯಾಗಿ ಎತ್ತರ ಹೆಚ್ಚುತ್ತದೆ, ಕಡಿದಾಗಿ ಒಡೆಯುತ್ತದೆ. ಆ ಒಡೆತಕ್ಕೆ ಗಾಳಿ ಹೆಚ್ಚಬೇಕಾಗಿಲ್ಲ.

ಆಗ ಮತ್ತೆ ನೀರು ನೋಡಿದೆ, ಈ ಸಲ ಗೆರೆಗಾಗಿ. ಫೋರ್ಸ್ 8 ಆಗಿದ್ದರೆ ಗೆರೆಗಳು ಉದ್ದುದ್ದ ಬಿದ್ದಿರಬೇಕಿತ್ತು, ಅಲೆಯ ಅಂಚಿನಿಂದ ತುಂತುರು ಹಾರಬೇಕಿತ್ತು. ಬಿಳಿ ಬೇಕಾದಷ್ಟಿತ್ತು, ಆದರೆ ಎಲ್ಲ ಮಚ್ಚೆಗಳು. ಗೆರೆ ಅಲ್ಲೊಂದು ಇಲ್ಲೊಂದು, ಅದೂ ಮಸುಕು. ತಲೆಗಳು ಕುಸಿದು ಬೀಳುತ್ತಿದ್ದವು, ಹರಿದು ಹಾರುತ್ತಿರಲಿಲ್ಲ. ಸಮುದ್ರ ಮೊದಲಿನಿಂದಲೂ ಸರಿಯಾಗಿಯೇ ಹೇಳುತ್ತಿತ್ತು. ನಾನು ಒಡೆತವನ್ನು ಮಾತ್ರ ನೋಡಿ, ಒಡೆದ ಮೇಲೆ ನೊರೆ ಏನಾಗುತ್ತದೆ ಅನ್ನುವುದನ್ನು ನೋಡಿರಲಿಲ್ಲ. ಅಲೆ ಒಡೆಯಲು ಕಾರಣ ಹಲವು ಇರಬಹುದು. ಪ್ರವಾಹ, ಆಳ ಕಡಿಮೆಯಾಗುವುದು, ಎರಡು ಕಡೆಯ ಅಲೆಗಳು ಡಿಕ್ಕಿ ಹೊಡೆಯುವುದು. ಒಡೆದ ನೊರೆಯನ್ನು ಗೆರೆಯಾಗಿ ಎಳೆಯುವುದಕ್ಕೂ, ತಲೆಯ ಅಂಚನ್ನು ಹರಿದು ಹಾರಿಸುವುದಕ್ಕೂ ಗಾಳಿಯೇ ಬೇಕು.

ಕ್ಯಾಪ್ಟನ್ ಬ್ರಿಜ್‌ಗೆ ಬಂದರು. ಆ ಕರಾವಳಿಯಲ್ಲಿ ನೈಋತ್ಯ ಗಾಳಿ ಎದ್ದರೆ 200 ಮೀಟರ್ ಆಳದ ಗೆರೆಯಿಂದ ದಡದ ಕಡೆಗೆ ಸರಿಯಬೇಕು ಅನ್ನುವುದು ಹಳೆಯ ಬುದ್ಧಿಮಾತು. ಪ್ರವಾಹದ ಜೋರು ಅದರ ಹೊರಗಡೆ ಇರುತ್ತದೆ. ದಿಕ್ಕು ಬದಲಿಸಿ ಒಳಕ್ಕೆ ಹೋದೆವು. ಒಂದೂವರೆ ಗಂಟೆಯಲ್ಲಿ ಇಂಜಿನ್‌ಗೆ ಬರುವ ಸಮುದ್ರದ ನೀರಿನ ತಾಪಮಾನ ಇಳಿಯಿತು. ಪ್ರವಾಹದ ಬೆಚ್ಚಗಿನ ನೀರು ಬಿಟ್ಟೆವು ಅನ್ನುವುದಕ್ಕೆ ಅದೇ ಗುರುತು. ನೆಲದ ಲೆಕ್ಕದ ವೇಗ 13ಕ್ಕೆ ಬಂತು. ಮಾಪಕ 37 ತೋರಿಸಿತು. ಕಳೆದರೆ ಅದೇ 24. ಗಾಳಿ ಒಂದು ನಾಟ್ ಕೂಡ ಬದಲಾಗಿರಲಿಲ್ಲ, ಆದರೆ ಹೊರಗಿನ ಸಮುದ್ರ ಈಗ ಯಾರು ನೋಡಿದರೂ ಫೋರ್ಸ್ 6.

ಅರಬ್ಬೀ ಸಮುದ್ರದ ಆ ಮೊದಲ ದಿನವನ್ನು ಇದರ ಬೆಳಕಿನಲ್ಲಿ ಮತ್ತೆ ಯೋಚಿಸಿದ್ದೇನೆ. ಮುಂಗಾರಿನಲ್ಲಿ ಸೊಮಾಲಿಯಾ ಕರಾವಳಿಯ ಪ್ರವಾಹ ಗಾಳಿಯ ಜೊತೆಗೇ ಈಶಾನ್ಯಕ್ಕೆ ಓಡುತ್ತದೆ. ಅಂಥಲ್ಲಿ ತಪ್ಪು ಉಲ್ಟಾ ಆಗುತ್ತದೆ. ನೀರೂ ಗಾಳಿಯೂ ಒಂದೇ ಕಡೆ ಹೋಗುವುದರಿಂದ ಅಲೆಗಳು ಉದ್ದವಾಗಿ ಚಪ್ಪಟೆಯಾಗಿ, ಇರುವ ಗಾಳಿಗಿಂತ ಕಡಿಮೆ ಕಾಣುತ್ತದೆ. ಇದು ಹೆಚ್ಚು ಅಪಾಯದ ತಪ್ಪು ಅಂತ ನನಗೆ ಅನಿಸುತ್ತದೆ, ಏಕೆಂದರೆ ಯಾರಿಗೂ ಅನುಮಾನವೇ ಬರುವುದಿಲ್ಲ.

ಮಳೆ, ಮಾಸ್ಟ್, ರಾತ್ರಿ

ಜೋರು ಮಳೆ ಬಂದರೆ ಕಣ್ಣಂದಾಜು ಬಿಟ್ಟುಬಿಡಬೇಕು. ಹನಿಗಳ ಹೊಡೆತಕ್ಕೆ ಚಿಕ್ಕ ಅಲೆಗಳು ಮಟ್ಟವಾಗಿ, ಒಡೆಯುವುದು ಕಡಿಮೆಯಾಗಿ, 35 ನಾಟ್ ಬೀಸುವಾಗಲೂ ಸಮುದ್ರ ಬೂದು ಹೊದಿಕೆ ಹೊದ್ದಂತೆ ತಣ್ಣಗೆ ಕಾಣಬಹುದು. ಉಪಗ್ರಹಗಳಿಗೂ ಇದೇ ತೊಂದರೆ. ಗಾಳಿ ಅಳೆಯುವ ಉಪಗ್ರಹ ರೇಡಾರ್ ನೋಡುವುದು ಗಾಳಿಯನ್ನಲ್ಲ, ಗಾಳಿ ಎಬ್ಬಿಸಿದ ಸೆಂಟಿಮೀಟರ್ ಗಾತ್ರದ ಕಿರುತೆರೆಗಳನ್ನು. ಚಂಡಮಾರುತದೊಳಗೆ ಹೋಗುವ ವಿಮಾನಗಳಲ್ಲಿನ ಒಂದು ಉಪಕರಣ ನೊರೆ ಹೊಮ್ಮಿಸುವ ಮೈಕ್ರೋವೇವ್ ಹಿಡಿದು ಗಾಳಿ ಹೇಳುತ್ತದೆ. ಯಂತ್ರ ಅಂದುಕೊಂಡದ್ದೂ ಕೊನೆಗೆ ತೆರೆ ಮತ್ತು ನೊರೆಯನ್ನೇ ಓದುತ್ತಿದೆ.

ಹಡಗಿನ ಮಾಪಕಕ್ಕೂ ತನ್ನದೇ ತಪ್ಪುಗಳಿವೆ. ಹವಾಮಾನದ ಲೆಕ್ಕದ ಗಾಳಿ ನೀರಿನಿಂದ 10 ಮೀಟರ್ ಎತ್ತರದ್ದು. ದೊಡ್ಡ ಹಡಗಿನ ಮಾಸ್ಟ್ 40 ಮೀಟರ್ ಎತ್ತರವಿದ್ದರೆ ಅಲ್ಲಿ ಹತ್ತನೇ ಒಂದು ಪಾಲಿಗಿಂತ ತುಸು ಹೆಚ್ಚೇ ಗಾಳಿ ಇರುತ್ತದೆ. ಗಾಳಿ ಹಿಂದಿನಿಂದ ಬಂದರೆ ಚಿಮಣಿಯ ಮರೆಯಲ್ಲಿ ಮಾಪಕ ಏನೇನೋ ತೋರಿಸುತ್ತದೆ.

ಒಂದು ರಾತ್ರಿ ಹೀಗೇ ಆಯಿತು. ದಕ್ಷಿಣ ಹಿಂದೂ ಮಹಾಸಾಗರ, ಅಮಾವಾಸ್ಯೆಯ ಹತ್ತಿರ. ಬೆಳಗಿನ ಜಾವ ನಾಲ್ಕಕ್ಕೆ, ನನ್ನ ವಾಚ್ ಮುಗಿಯುವ ಹೊತ್ತಿಗೆ ವರದಿ. ಗಾಳಿ ಹಿಂದಿನ ಓರೆಯಿಂದ. ಮಾಪಕದ ಮುಳ್ಳು 5ಕ್ಕೂ 20ಕ್ಕೂ ನಡುವೆ ಕುಣಿಯುತ್ತಿತ್ತು. ಕಪ್ಪು ನೀರಿನಲ್ಲಿ ಹತ್ತಿರದ ಬಿಳಿ ಮಾತ್ರ ಮಿಂಚಿ ಆರುತ್ತಿತ್ತು, ಗೆರೆ ಇದೆಯೋ ಇಲ್ಲವೋ ಹೇಳುವಷ್ಟು ಬೆಳಕಿಲ್ಲ. ಜೊತೆಗಿದ್ದ ಕೆಡೆಟ್ 20 ಅಂದ, ನಾನು 22 ಬರೆಸಿದೆ. ವರದಿ ಹೋಯಿತು. ನಿದ್ದೆ ಬರಲಿಲ್ಲ. ಆರು ಗಂಟೆಗೆ ಬೆಳಕಾದ ಮೇಲೆ ಮತ್ತೆ ಮೇಲೆ ಹೋಗಿ ಗಾಳಿ ಬರುವ ಕಡೆ ನೋಡಿದೆ. ಗೆರೆಗಳಿದ್ದವು. 30ಕ್ಕೆ ಕಡಿಮೆಯಿಲ್ಲ. ಎರಡು ಗಂಟೆಯಲ್ಲಿ ಗಾಳಿ ಏರಿರಬಹುದು ಅಂತ ಮನಸ್ಸು ಹೇಳಿತು. ಆದರೆ ಸ್ವೆಲ್ ಬೇರೆ ದಿಕ್ಕಿನದು, ಈ ಗಾಳಿಯ ದಿಕ್ಕಿನಿಂದಲೇ ಬರುತ್ತಿದ್ದ ಅಲೆಗಳು ನಾಲ್ಕು ಮೀಟರ್‌ಗೆ ಹತ್ತಿರವಿದ್ದವು. ಎರಡು ಗಂಟೆಯಲ್ಲಿ ಅಷ್ಟು ಬೆಳೆಯುವ ಅಲೆ ಇಲ್ಲ. ರಾತ್ರಿಯೆಲ್ಲ ಬೀಸಿದ ಗಾಳಿಯೇ ಅದು. ನಾಲ್ಕು ಗಂಟೆಯ ಆ 22 ಯಾವುದೋ ದಾಖಲೆಯಲ್ಲಿ ಇವತ್ತಿಗೂ ಇದೆ, ಅದರ ಜೊತೆಗೆ ಒಂದು 3.